ಪೇಪರ್ ಹಾಕಿದ ಮೇಲೆ ಕೌಂಟರ್ ಆಫರ್ ಬಂತು, ಕೆಲಸ ಕಲಿಸಿದ ಸರ್‌ಗೆ ಬೇಡ ಅಂತ ಹೇಗೆ ಹೇಳಲಿ?

ಕೇಳಿದವರು: ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ನಾಲ್ಕು ವರ್ಷ ಏಳು ತಿಂಗಳಿಂದ ಟೆಸ್ಟಿಂಗ್‌ನಲ್ಲಿದ್ದೇನೆ. ಗುರುವಾರ ಪೇಪರ್ ಹಾಕಿದೆ. ಈಗ ಪ್ಯಾಕೇಜ್ 14 ಲಕ್ಷ, ಹೊಸ ಕಡೆ 18.5. ನಿನ್ನೆ ಸಂಜೆ ಮ್ಯಾನೇಜರ್ ಕರೆದು, "19 ಕೊಡಿಸ್ತೀನಿ, ಲೀಡ್ ಮಾಡ್ತೀನಿ, ಹೋಗಬೇಡ" ಅಂದರು. ನನಗೆ ಕೆಲಸ ಕಲಿಸಿದವರೇ ಅವರು. ಬೇಡ ಅನ್ನಲು ಬಾಯಿ ಬರಲಿಲ್ಲ. "ಸೋಮವಾರ ಹೇಳ್ತೀನಿ ಸರ್" ಅಂದುಬಿಟ್ಟೆ. ಹೋಗುವುದಂತೂ ನಿಶ್ಚಯ, ಅಲ್ಲಿ ಆಟೊಮೇಷನ್ ಕೆಲಸ ಇದೆ. ನಾಳೆ ರೆಫರೆನ್ಸ್‌ಗೂ ಇವರೇ ಬೇಕು. ಅವರ ಮನಸ್ಸು ನೋಯದ ಹಾಗೆ ಹೇಗೆ ಹೇಳುವುದು?

ಹೆಬ್ಬಾಳದಿಂದ, ಡೆವಲಪರ್: ಮಾತಾಡಲು ಹೋಗಲೇಬೇಡಿ. ಮಾತಾಡಿದರೆ ಕರಗಿಬಿಡುತ್ತೀರಿ. ಸೋಮವಾರ ಬೆಳಿಗ್ಗೆ ಒಂದು ಮೇಲ್ ಹಾಕಿ, ಎಚ್‌ಆರ್‌ಗೂ ಸಿಸಿ ಇಡಿ, ಮುಗೀತು. ನಾನು ಎರಡು ಕಂಪನಿ ಬಿಟ್ಟಿದ್ದು ಹೀಗೇ. ಬಾಯಿಮಾತಿಗೆ ಬೆಲೆ ಇಲ್ಲ, ಬರಹದಲ್ಲಿ ಇದ್ದರೇ ದಾಖಲೆ. ಇನ್ನೊಂದು ಮಾತು. ಕೌಂಟರ್ ಒಪ್ಪಿಕೊಂಡವರನ್ನು ಆರು ತಿಂಗಳಲ್ಲಿ ಬೇರೆಯವರನ್ನು ತಂದು ಹೊರಗೆ ಹಾಕುತ್ತಾರೆ. ಎಲ್ಲಾ ಕಡೆ ಇದೇ ಕಥೆ.

ಸಾಗರದಿಂದ, ಲೆಕ್ಕ ಬರೆಯುವವರು: ನಿಮ್ಮ ಕಂಪನಿ ಪದ್ಧತಿ ನನಗೆ ತಿಳಿಯದು ತಂಗಿ. ಆದರೆ ಹಾಗೆ ಕಾಗದ ಬಿಸಾಕಿ ಬರುವುದು ಸರಿ ಕಾಣಲಿಲ್ಲ, ಅದಕ್ಕೇ ನನ್ನ ಕಥೆ ಹೇಳುತ್ತೇನೆ. ನಾನು ಅಡಿಕೆ ಮಂಡಿಯಲ್ಲಿ ಹನ್ನೊಂದು ವರ್ಷ ಲೆಕ್ಕ ಬರೆದೆ. ಶಿವಮೊಗ್ಗದಲ್ಲಿ ಬೇರೆ ಕೆಲಸ ಸಿಕ್ಕಿತು. ಸಾಹುಕಾರರಿಗೆ ಹೇಳಿದೆ. ಅವರು ಮಾತೇ ಆಡದೆ ಗಲ್ಲಾಪೆಟ್ಟಿಗೆ ಎಳೆದು ಐದು ಸಾವಿರ ಎತ್ತಿ ಮುಂದಿಟ್ಟರು. "ಈ ತಿಂಗಳಿಂದ ಇಷ್ಟು ಜಾಸ್ತಿ" ಅಂದರು. ಆ ದುಡ್ಡು ಮುಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನಾನು ಕೈ ಹಿಂದೆ ಕಟ್ಟಿಕೊಂಡು ನಿಂತೆ. "ಅಲ್ಲಿ ಮಾತು ಕೊಟ್ಟು ಬಂದಿದ್ದೇನೆ ಸಾಹುಕಾರ್ರೇ. ಆದರೆ ಮಾರ್ಚ್ 31ರ ಲೆಕ್ಕ ಮುಗಿಸದೆ ಹೋಗಲ್ಲ" ಅಂದೆ. ದುಡ್ಡು ಒಳಗೆ ಹಾಕಿದರು. ಎರಡು ವಾರ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ನಾನು ಲೆಕ್ಕ ಮುಗಿಸಿಯೇ ಹೋದೆ. ಈಗಲೂ ದೀಪಾವಳಿಗೆ ಅಂಗಡಿ ಪೂಜೆಗೆ ಕರೆ ಬರುತ್ತದೆ. ಅಂದಹಾಗೆ, 19 ಬದಲು 21 ಕೇಳಿ ನೋಡಬಾರದಾ?

ಕೇಳಿದವರು: ಇಲ್ಲ ಅಣ್ಣ, ದುಡ್ಡು ಜಾಸ್ತಿ ಮಾಡಿಸಬೇಕು ಅಂತ ಅಲ್ಲ. ಹೋಗುವುದು ಖಚಿತ.

ವೈಟ್‌ಫೀಲ್ಡ್‌ನಿಂದ, ಎಂಟು ವರ್ಷ ಟೀಮ್ ನೋಡಿಕೊಂಡವರು: ಸೋಮವಾರದವರೆಗೆ ಕಾಯಬೇಡಿ. ಇವತ್ತು ಶನಿವಾರ ಅಲ್ವಾ, ಇವತ್ತೇ ಫೋನ್ ಮಾಡಿ. ಯಾಕೆ ಅಂತ ಹೇಳುತ್ತೇನೆ, ಯಾಕೆಂದರೆ ಆ ಕಡೆ ಕುರ್ಚಿಯಲ್ಲಿ ನಾನು ಕೂತಿದ್ದೆ.

ನೀವು "ಸೋಮವಾರ ಹೇಳ್ತೀನಿ" ಅಂದದ್ದು ನಿಮಗೆ ಸುಮ್ನೆ ಸಮಯ ತಳ್ಳುವ ಮಾತು. ಮ್ಯಾನೇಜರ್ ಕಿವಿಗೆ ಅದು ಅರ್ಧ ಒಪ್ಪಿಗೆ. 14ರಿಂದ 19 ಅಂದರೆ ಅವರ ಕೈಯಲ್ಲಿರುವ ದುಡ್ಡಲ್ಲ. ಅಪ್ರೈಸಲ್ ಸಮಯವಲ್ಲದ ಸಮಯದಲ್ಲಿ ಅದಕ್ಕೆ ಡೈರೆಕ್ಟರ್ ಒಪ್ಪಬೇಕು, ಎಚ್‌ಆರ್ ಒಪ್ಪಬೇಕು, ಫೈನಾನ್ಸ್‌ನವರು ಬಜೆಟ್ ಇದೆ ಅನ್ನಬೇಕು. ಈ ಹುಡುಗಿ ಹೋದರೆ ಏನು ನಷ್ಟ ಅಂತ ಅವರು ಬರೆದು ಕೊಡಬೇಕು.

ನನ್ನ ಟೀಮಿನ ಒಬ್ಬ ಹುಡುಗ ಹೀಗೇ "ಯೋಚಿಸ್ತೀನಿ" ಅಂದ. ಒಂಬತ್ತು ದಿನ ಓಡಾಡಿದೆ. ಡೈರೆಕ್ಟರ್ ಮೊದಲು ಆಗಲ್ಲ ಅಂದರು, ಮತ್ತೆ ಹೋಗಿ ಕೂತೆ. ಲೆಟರ್ ಕೈಗೆ ಬಂದ ದಿನ ಅವನು "ಸಾರಿ ಸರ್, ಮೊದಲೇ ನಿರ್ಧಾರ ಮಾಡಿದ್ದೆ" ಅಂದ. ಅವನು ಹೋದದ್ದಕ್ಕೆ ನನಗೆ ಬೇಜಾರಾಗಲಿಲ್ಲ. ಮುಂದಿನ ಅಪ್ರೈಸಲ್‌ನಲ್ಲಿ ಇನ್ನಿಬ್ಬರಿಗೆ ಜಾಸ್ತಿ ಕೇಳಲು ಹೋದಾಗ ಡೈರೆಕ್ಟರ್ ಎದುರು ನನ್ನ ಮಾತಿಗೆ ತೂಕವೇ ಉಳಿದಿರಲಿಲ್ಲ. ಅದು ಬೇಜಾರು. ಸಂಬಂಧ ಕೆಡುವುದು "ಬೇಡ" ಅಂದದ್ದಕ್ಕಲ್ಲ, "ಬೇಡ" ಅನ್ನುವುದನ್ನು ತಡ ಮಾಡಿದ್ದಕ್ಕೆ. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಇನ್ನೆರಡು ದಿನ ಬಿಡಬೇಡಿ.

ಇನ್ನು ಏನು ಹೇಳುವುದು. ಆಟೊಮೇಷನ್ ಅಂತ ಕಾರಣ ಇಟ್ಟುಕೊಂಡಿದ್ದೀರಿ. ನಿಜವೇ ಇರಬಹುದು, ಆದರೆ ಅದನ್ನು ಮುಂದಿಡಬೇಡಿ. "ಅಷ್ಟೇನಾ? ಮುಂದಿನ ತಿಂಗಳು ಆಟೊಮೇಷನ್ ಪ್ರಾಜೆಕ್ಟಿಗೆ ಹಾಕಿಸ್ತೀನಿ" ಅಂತಾರೆ. ಮನೆ ದೂರ ಅಂದರೆ ವಾರಕ್ಕೆ ಮೂರು ದಿನ ಮನೆಯಿಂದ ಮಾಡು ಅಂತಾರೆ. ಕಾರಣ ಹೇಳಿದಷ್ಟೂ ಅದಕ್ಕೆ ಪರಿಹಾರ ಹುಡುಕುವುದು ಮ್ಯಾನೇಜರ್ ಕೆಲಸ. ಆಮೇಲೆ ನೀವು ಒಂದೊಂದನ್ನೂ ತಳ್ಳಿಹಾಕುತ್ತಾ ಹೋಗಬೇಕು, ಆಗ ಮುಖ ಮುರಿಯುತ್ತದೆ. ಸಾಗರದವರು ಹೇಳಿದ ಮಾತೇ ಗಟ್ಟಿ: ಮಾತು ಕೊಟ್ಟಿದ್ದೇನೆ. ಆಫರ್ ಲೆಟರ್‌ಗೆ ಸಹಿ ಹಾಕಿದ್ದೀರಿ ತಾನೇ? ಹಾಗಾದರೆ ಅದು ನಿಜ, ಮತ್ತು ಅದಕ್ಕೆ ಯಾರೂ ದುಡ್ಡಿನ ಉತ್ತರ ಕೊಡಲು ಆಗುವುದಿಲ್ಲ.

ನಾನಾದರೆ ಹೀಗೆ ಹೇಳುತ್ತಿದ್ದೆ: "ಸರ್, ಸೋಮವಾರದವರೆಗೆ ನಿಮ್ಮನ್ನು ಕಾಯಿಸುವುದು ಸರಿಯಲ್ಲ ಅನ್ನಿಸಿತು, ಅದಕ್ಕೇ ಫೋನ್ ಮಾಡಿದೆ. ನಾನು ಹೋಗುವುದೇ ನಿಶ್ಚಯ ಸರ್. ಅಲ್ಲಿ ಸಹಿ ಹಾಕಿ ಮಾತು ಕೊಟ್ಟಿದ್ದೇನೆ. ನನಗೋಸ್ಕರ ಮೇಲಿನವರ ಹತ್ತಿರ ಕೇಳಬೇಡಿ. ನಿನ್ನೆಯೇ ಹೇಳಬೇಕಿತ್ತು, ಹೇಳಲು ಆಗಲಿಲ್ಲ, ಕ್ಷಮಿಸಿ." ಇದಾದ ಮೇಲೆ ಅವರು ನಿಮಗೆ ಕಲಿಸಿದ ಯಾವುದಾದರೂ ಒಂದನ್ನು ಹೆಸರು ಹಿಡಿದು ನೆನೆಸಿಕೊಳ್ಳಿ. ಬರೀ "ಎಲ್ಲದಕ್ಕೂ ಥ್ಯಾಂಕ್ಸ್" ಬೇಡ. ಆಮೇಲೆ ಸುಮ್ಮನಿರಿ. ಅವರು ಅರ್ಧ ನಿಮಿಷ ಮಾತಾಡದೆ ಇರಬಹುದು. ಆ ಅರ್ಧ ನಿಮಿಷ ತುಂಬಿಸಲು ಹೋಗಿಯೇ ಎಲ್ಲರೂ "ನೋಡೋಣ ಸರ್" ಅಂದುಬಿಡುವುದು.

ಇಲ್ಲಿಗೆ ಮುಗಿಯದೆಯೂ ಇರಬಹುದು. ಎಚ್‌ಆರ್ ಕರೆಯಬಹುದು, ಡೈರೆಕ್ಟರ್ ಕಾಫಿಗೆ ಕರೆಯಬಹುದು. ಅಲ್ಲೂ ಇದೇ ಮಾತು, ಹೊಸ ಕಾರಣ ಸೇರಿಸಬೇಡಿ. ಮೂವರಿಗೆ ಮೂರು ಕಾರಣ ಹೇಳಿದರೆ ಅವರು ಮೂವರೂ ಆಮೇಲೆ ಮಾತಾಡಿಕೊಳ್ಳುತ್ತಾರೆ.

ಹೆಬ್ಬಾಳದವರು ಹೇಳಿದ ಮೇಲ್ ಬೇಕೇ ಬೇಕು, ಆದರೆ ಮಾತಾದ ಮೇಲೆ. ನಾಲ್ಕು ಸಾಲು ಸಾಕು: ಇರಿಸಿಕೊಳ್ಳಲು ಪ್ರಯತ್ನಿಸಿದ್ದಕ್ಕೆ ಕೃತಜ್ಞತೆ, ಶನಿವಾರ ಮಾತಾಡಿದ ಹಾಗೆ ರಾಜೀನಾಮೆ ಹಾಗೇ ಇರುತ್ತದೆ, ಯಾವ ಯಾವ ಕೆಲಸ ಯಾರಿಗೆ ಒಪ್ಪಿಸಬೇಕು ಅಂತ ಪಟ್ಟಿ ಬುಧವಾರ ಕಳಿಸುತ್ತೇನೆ, ಕೊನೆಯ ದಿನ ಯಾವುದು ಅಂತ ತಿಳಿಸಿ. 19 ಅನ್ನುವ ಅಂಕಿ ಆ ಮೇಲ್‌ನಲ್ಲಿ ಬರಬಾರದು. ಪಕ್ಕದ ಡೆಸ್ಕಿನವರಿಗೂ ಹೇಳಬಾರದು. ಅದು ಹೊರಗೆ ಬಿದ್ದರೆ ನಿಮ್ಮ ಜೊತೆಯವರು ಒಬ್ಬೊಬ್ಬರಾಗಿ ಹೋಗಿ ಆ ಸರ್‌ನ್ನೇ ಕೇಳುತ್ತಾರೆ.

ಹುಬ್ಬಳ್ಳಿಯಿಂದ: ಎಲ್ಲರೂ ಹೇಗೆ ಹೇಳಬೇಕು ಅಂತಲೇ ಹೇಳುತ್ತಿದ್ದೀರಿ. ಗ್ರಾಚ್ಯುಟಿ ನೆನಪಿಲ್ಲವಾ? ಐದು ವರ್ಷ ತುಂಬದೆ ಒಂದು ರೂಪಾಯಿ ಸಿಗಲ್ಲ. ಕೌಂಟರ್ ಒಪ್ಪಿಕೊಂಡು ಇನ್ನು ಐದು ತಿಂಗಳು ಕೂತು ಆಮೇಲೆ ಹೋಗಿ.

ಮೈಸೂರಿನಿಂದ, ಎಚ್‌ಆರ್: ಇದು ಅಷ್ಟು ಸರಳ ಇಲ್ಲ. ನೋಟೀಸ್ ಪೀರಿಯಡ್‌ನಲ್ಲಿ ಕೆಲಸ ಮಾಡಿದ ದಿನಗಳೂ ಸೇವೆಗೆ ಸೇರುತ್ತವೆ. ಇವರದು 90 ದಿನ ಇದ್ದರೆ ಹೊರಡುವ ಹೊತ್ತಿಗೆ ನಾಲ್ಕು ವರ್ಷ ಹತ್ತು ತಿಂಗಳು. ನಾಲ್ಕು ವರ್ಷದ ಮೇಲೆ ಐದನೇ ವರ್ಷದಲ್ಲಿ 240 ದಿನ ಆಗಿದ್ದರೆ ಸಾಕು ಅಂತ ಮದ್ರಾಸ್ ಹೈಕೋರ್ಟ್ ಹಿಂದೆ ಹೇಳಿದೆ. ಅದನ್ನು ಒಪ್ಪಿ ಕೊಡುವ ಕಂಪನಿಗಳಿವೆ, ಪೂರ್ತಿ ಐದೇ ಬೇಕು ಅನ್ನುವವೂ ಇವೆ. ಮೂಲ ವೇತನ ತಿಂಗಳಿಗೆ 45,000 ಅಂತ ಇಟ್ಟುಕೊಂಡರೆ ಸುಮಾರು 1.3 ಲಕ್ಷದ ಮಾತು, ಬಿಡುವಂಥದ್ದಲ್ಲ. ಎಚ್‌ಆರ್‌ಗೆ ಬರೆದು ಕೇಳಿ. ಆದರೆ ಬೇಡ ಅನ್ನುವ ಮೇಲ್‌ನಲ್ಲೇ ಇದನ್ನು ತುರುಕಬೇಡಿ, ಒಂದು ವಾರ ಬಿಟ್ಟು ಬೇರೆಯಾಗಿ ಕೇಳಿ.

ಅದಕ್ಕೋಸ್ಕರ ಕೌಂಟರ್ ಒಪ್ಪಿ ಐದು ತಿಂಗಳಿಗೆ ಹೋಗುವುದು ಮಾತ್ರ ಬೇಡವೇ ಬೇಡ. ಇರಿಸಿಕೊಳ್ಳಲು ಕೊಡುವ ಬೋನಸ್ ಇದ್ದರೆ, ಇಷ್ಟು ದಿನದೊಳಗೆ ಬಿಟ್ಟರೆ ವಾಪಸ್ ಕೊಡಬೇಕು ಅಂತ ಲೆಟರ್‌ನಲ್ಲಿ ಇರುವುದು ಸಾಮಾನ್ಯ. ಮತ್ತೆ, ಬಿಟ್ಟು ಹೋದವರ ಫಾರಂನಲ್ಲಿ "ಮತ್ತೆ ತೆಗೆದುಕೊಳ್ಳಬಹುದೇ" ಅಂತ ಒಂದು ಖಾನೆ ಹಲವು ಕಡೆ ಇರುತ್ತದೆ. ಅದನ್ನು ಮ್ಯಾನೇಜರ್ ತುಂಬುತ್ತಾರೆ. ಬೇಡ ಅಂದು ಹೋದವರಿಗೆ ಹೌದು ಅಂತ ಬಿದ್ದದ್ದನ್ನು ಎಷ್ಟೋ ಸಲ ನೋಡಿದ್ದೇನೆ. ಒಪ್ಪಿ, ಆಮೇಲೆ ಹೋದವರಿಗೆ ಕಷ್ಟ.

ಮಂಗಳೂರಿನಿಂದ: ಆರು ತಿಂಗಳಲ್ಲಿ ಹೊರಗೆ ಹಾಕುತ್ತಾರೆ ಅನ್ನುವುದನ್ನು ನಾನು ಒಪ್ಪುವುದಿಲ್ಲ. ನಾನು ಕೌಂಟರ್ ಒಪ್ಪಿಕೊಂಡೆ, ಮೂರು ವರ್ಷ ಆಯಿತು, ಚೆನ್ನಾಗಿದ್ದೇನೆ. ನನಗೆ ಬೇಕಿದ್ದದ್ದು ಊರಿಗೆ ವರ್ಗ ಮಾತ್ರ, ಅದು ಸಿಕ್ಕಿತು. ಆದರೆ ಆಗ ಹೊಸ ಕಂಪನಿಗೆ ಇಲ್ಲ ಅಂದೆನಲ್ಲ, ಆ ಎಚ್‌ಆರ್ ಇವತ್ತಿಗೂ ನನ್ನ ಮೇಲ್‌ಗೆ ಉತ್ತರ ಕೊಡುವುದಿಲ್ಲ. ಯಾವ ಕಡೆಗಾದರೂ ಒಂದು ಬಾಗಿಲು ಮುಚ್ಚಿಯೇ ಮುಚ್ಚುತ್ತದೆ ಅನ್ನಿಸುತ್ತದೆ.

ಹೆಬ್ಬಾಳದಿಂದ, ಡೆವಲಪರ್: ಸರಿ, ನಾನು ನೋಡಿದ ಇಬ್ಬರ ವಿಷಯ ಇಟ್ಟುಕೊಂಡು ಹೇಳಿದ್ದು. ಆದರೂ ಫೋನ್‌ನಲ್ಲಿ ಹೇಳಲು ಧೈರ್ಯ ಬೇಕು. ಎದುರಿಗೆ ಹೇಳುವುದು ಇನ್ನೂ ವಾಸಿ ಅಲ್ವಾ?

ವೈಟ್‌ಫೀಲ್ಡ್‌ನಿಂದ: ಎದುರಿಗೆ ವಾಸಿ, ಶನಿವಾರ ಎದುರಿಗೆ ಸಿಗುವ ಹಾಗಿದ್ದರೆ. ಸೋಮವಾರ ಎದುರಿಗೆ ಹೇಳುವುದಕ್ಕಿಂತ ಇವತ್ತು ಫೋನ್ ಮೇಲು. ಒಂದು ಮಾತು ಬಿಟ್ಟಿದ್ದೆ: 90 ದಿನವನ್ನು 60 ಮಾಡಿ ಅಂತ ಅದೇ ಫೋನಿನಲ್ಲಿ ಕೇಳಬೇಡಿ. ಮೊದಲು ಕೆಲಸ ಒಪ್ಪಿಸುವ ಪಟ್ಟಿ ಅವರ ಕೈಗೆ ಹೋಗಲಿ. ಯಾವುದು ಯಾರು ಎಷ್ಟು ದಿನದಲ್ಲಿ ಕಲಿಯಬಹುದು ಅಂತ ಕಂಡ ಮೇಲೆ ಅವರಿಗೇ ಲೆಕ್ಕ ಸಿಗುತ್ತದೆ.

ಕೇಳಿದವರು (ಭಾನುವಾರ): ನಿನ್ನೆ ಸಂಜೆ ಆರಕ್ಕೆ ಫೋನ್ ಮಾಡಿದೆ. ಮೊದಲ ವಾಕ್ಯ ಹೇಳುವಾಗ ಗಂಟಲು ಕಟ್ಟಿತು. ಹೇಳಿ ಮುಗಿಸಿದೆ. ನಾನು ಸೇರಿದ ಹೊಸದರಲ್ಲಿ ಒಂದು ರಾತ್ರಿ ರಿಲೀಸ್ ಕೆಟ್ಟಾಗ ಅವರು ಬೈಯದೆ ಪಕ್ಕದಲ್ಲಿ ಕೂತು, ಲಾಗ್ ಓದುವುದು ಹೇಗೆ ಅಂತ ಬೆಳಗಿನ ಮೂರರವರೆಗೆ ತೋರಿಸಿದ್ದರು. ಅದನ್ನೇ ನೆನೆಸಿಕೊಂಡೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ "ಡೈರೆಕ್ಟರ್‌ಗೆ ಸೋಮವಾರ ಬೆಳಿಗ್ಗೆ ಹೋಗೋಣ ಅಂತಿದ್ದೆ, ಒಳ್ಳೇದಾಯ್ತು ಹೇಳಿದ್ದು" ಅಂದರು. ಖುಷಿಯಲ್ಲಿ ಅಂದದ್ದಲ್ಲ. ಬೇಜಾರಾಗಿದೆ, ದನಿಯಲ್ಲೇ ಗೊತ್ತಾಯಿತು. ಪಟ್ಟಿ ಮಾಡುತ್ತಾ ಕೂತಿದ್ದೇನೆ. ಹದಿನಾಲ್ಕು ಕೆಲಸ ಆಯಿತು, ಅದರಲ್ಲಿ ಮೂರು ನನ್ನೊಬ್ಬಳಿಗೇ ಗೊತ್ತಿರುವವು. ಹೊಸ ಕಡೆಯವರು 60 ದಿನಕ್ಕೇ ಬನ್ನಿ ಅಂತಿದ್ದಾರೆ. ಆ ಮೂರನ್ನು 60 ದಿನದಲ್ಲಿ ಇನ್ನೊಬ್ಬರಿಗೆ ಕಲಿಸಲು ಆಗುತ್ತದೋ ಇಲ್ಲವೋ, ಬುಧವಾರ ಸರ್ ಜೊತೆ ಕೂತು ನೋಡಬೇಕು.