ಅಪ್‌ಡೇಟ್: ಅಂಗಡಿ ಬಾಡಿಗೆ ಬಾಕಿ ಕೇಳಿ ಕಳಿಸಿದ ಮೆಸೇಜ್

ನಾನು ಕೇಳಿದ್ದು: "ಬೆಳಗಾವಿಯ ಖಡೇಬಜಾರಿನಲ್ಲಿ ನಮ್ಮದೊಂದು ಅಂಗಡಿ ಬಾಡಿಗೆಗಿದೆ. ‘ಬಾಕಿ ಕೊಡ್ರಿ, ಇಲ್ಲಾಂದ್ರ ಖಾಲಿ ಮಾಡ್ರಿ’ ಅಂತ ಬರೆದಿಟ್ಟಿದ್ದೇನೆ. ಇದನ್ನೇ ಮರ್ಯಾದೆಯಿಂದ, ಆದರೆ ಗಟ್ಟಿಯಾಗಿ ಹೇಳುವುದು ಹೇಗೆ?"

ಕೊನೆಗೆ ಕಳಿಸಿದ್ದು ಇದು:

"ನಮಸ್ಕಾರ ರೀ. ಕರಾರಿನ ಪ್ರಕಾರ ಬಾಡಿಗೆ ಪ್ರತಿ ತಿಂಗಳು 5ನೇ ತಾರೀಖಿನೊಳಗೆ ಬರಬೇಕು. ಆಗಸ್ಟ್, ಸೆಪ್ಟೆಂಬರ್ ಸೇರಿ ₹36,000. ಆಗಸ್ಟ್ ಬಾಬ್ತು ನೀವು ₹10,000 ಕೊಟ್ಟಿದ್ದೀರಿ. ಉಳಿದ ₹26,000 ಅನ್ನು ಸೆಪ್ಟೆಂಬರ್ 20ರೊಳಗೆ ಖಾತೆಗೆ ಜಮಾ ಮಾಡಿ. ಲೆಕ್ಕದಲ್ಲಿ ವ್ಯತ್ಯಾಸ ಕಂಡರೆ ದಯವಿಟ್ಟು ಅಷ್ಟರೊಳಗೆ ತಿಳಿಸಿ."

‘ಖಾಲಿ ಮಾಡ್ರಿ’ ಅನ್ನೋದನ್ನು ಪೂರ್ತಿ ತೆಗೆದೆ. ಪರಿಚಯದ ವಕೀಲರು ಹೇಳಿದ್ದು ಇಷ್ಟು: ತಿಂಗಳ ಬಾಡಿಗೆಯ ಅಂಗಡಿ ಬಿಡಿಸಬೇಕೆಂದರೆ, ಕರಾರಿನಲ್ಲಿ ಬೇರೆ ಅವಧಿ ಬರೆದಿಲ್ಲದಿದ್ದರೆ, ಆಸ್ತಿ ವರ್ಗಾವಣೆ ಕಾಯ್ದೆಯ 106ನೇ ಕಲಮಿನಂತೆ 15 ದಿನಗಳ ಲಿಖಿತ ನೋಟಿಸ್ ಬೇಕು. ಅದು ಬೇರೆಯೇ ಕಾಗದ. ನೆನಪಿನ ಪತ್ರದಲ್ಲಿ ಸುಮ್ನೆ ಬೆದರಿಕೆ ಸೇರಿಸಿದರೆ ಅದು ನೋಟಿಸೂ ಆಗಲ್ಲ, ದುಡ್ಡೂ ಬರಲ್ಲ.

ಬಾಡಿಗೆದಾರರ ಮೊದಲ ಉತ್ತರ: "ಡಿಪಾಸಿಟ್‌ನಾಗ ಹಿಡ್ಕೊಳ್ರಿ ಸಾವ್ಕಾರ್ರ." ಇದು ಬರುತ್ತೆ ಅಂತ ಗೊತ್ತಿತ್ತು ಬಿಡಿ! "ಕರಾರಿನಲ್ಲಿ ಡಿಪಾಸಿಟ್ ಇರುವುದು ಅಂಗಡಿ ಬಿಡುವಾಗಿನ ಲೆಕ್ಕಕ್ಕೆ. ನಡೆಯುತ್ತಿರುವ ಬಾಡಿಗೆಗೆ ಹಿಡಿಯಲು ಆಗುವುದಿಲ್ಲ" ಎಂದಷ್ಟೇ ಬರೆದೆ. ಈಗಲೇ ಮುರಿದುಕೊಂಡರೆ ಮುಂದೆ ಕರೆಂಟ್ ಬಿಲ್ ಬಾಕಿ, ಶಟರ್ ರಿಪೇರಿಗೆ ಕೈಯಲ್ಲಿ ಏನೂ ಉಳಿಯಲ್ಲ ಅಲ್ವಾ?

ಮರುದಿನ ₹16,000 ಬಂತು. "ಉಳಿದ 10,000 ದಸರಾ ಮುಂಚೆ ಕೊಡ್ತೀನ್ರಿ" ಅಂತ ಮೆಸೇಜೂ ಬಂತು. ನನಗೆ ದುಡ್ಡಿಗಿಂತ ಆ ಮೆಸೇಜೇ ಜಾಸ್ತಿ ಖುಷಿ, ಬಾಕಿಯನ್ನು ಅವರೇ ಬರೆದು ಒಪ್ಪಿಕೊಂಡಂತಾಯಿತು. ‘ದಸರಾ ಮುಂಚೆ’ ಬದಲು ಒಂದು ತಾರೀಖು ಹೇಳಿ ಎಂದು ಕೇಳಿದ್ದೇನೆ.