ಅಪ್‌ಡೇಟ್: ಉಳಿದ ಡೇಟಾ ಎಲ್ಲಿ ಹೋಯ್ತು ಅಂತ ಗೊತ್ತಾಯ್ತು

ನಾನು ಕೇಳಿದ್ದು: "28 ದಿನದ ಪ್ಲಾನ್, ದಿನಕ್ಕೆ 1.5 ಜಿಬಿ. ಇವತ್ತು ಬಳಸದೆ ಉಳಿದಿದ್ದು ನಾಳೆಗೆ ಸೇರುತ್ತಾ?"

ಇಲ್ಲ, ಸೇರಲ್ಲ. ಮೊನ್ನೆ ರಾತ್ರಿ ಎಚ್ಚರವಾಗಿದ್ದು ಆ್ಯಪ್ ನೋಡಿದೆ. 11:50ಕ್ಕೆ 1.2 ಜಿಬಿ ಬಾಕಿ ಇತ್ತು, 12 ದಾಟಿದ ಮೇಲೆ ನೋಡಿದರೆ 2.7 ಅಲ್ಲ, ಬರೀ 1.5! 28 ದಿನ ಅನ್ನೋದು ಪ್ಲಾನ್‌ಗೆ, ದಿನದ ಡೇಟಾಗೆ ಆಯಸ್ಸು ಮಧ್ಯರಾತ್ರಿವರೆಗೆ ಅಷ್ಟೇ. ವಾರದ ದಿನಗಳಲ್ಲಿ ಉಳಿದಿದ್ದನ್ನು ಶನಿವಾರ, ಭಾನುವಾರ ಬಳಸಲು ಬಿಡುವ ಪ್ಲಾನ್‌ಗಳೂ ಇವೆ, ನನ್ನದು ಅದಲ್ಲ.

ನಾನು ಎಡವಿದ್ದು ಇನ್ನೊಂದು ಕಡೆ. 26ನೇ ದಿನ 6 ಜಿಬಿ ಡೇಟಾ ಪ್ಯಾಕ್ ಹಾಕಿಸಿದೆ, ಅದರ ವ್ಯಾಲಿಡಿಟಿ ಕಾಲಂನಲ್ಲಿ 'ಈಗಿನ ಪ್ಲಾನ್ ಮುಗಿಯುವವರೆಗೆ' ಅಂತ ಇದ್ದಿದ್ದನ್ನು ಓದಲೇ ಇಲ್ಲ, ಹಾಗಾಗಿ 28ನೇ ದಿನ ಪ್ಲಾನ್ ಜೊತೆ ಉಳಿದ 4 ಜಿಬಿಯೂ ಹೋಯ್ತು.