ಅಸಲು ಗೊತ್ತು, ಕಂತು ಗೊತ್ತು, ಬಡ್ಡಿ ಮಾತ್ರ ಹೇಳ್ತಿಲ್ಲ

ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರ: ಅಡಿಕೆ ಸುಲಿಯುವ ಮೆಷಿನ್‌ಗೆ ಒಂದು ಫೈನಾನ್ಸ್‌ನಲ್ಲಿ 1 ಲಕ್ಷ ಸಾಲ ಕೇಳಿದ್ದೇನೆ. ತಿಂಗಳಿಗೆ 5,500 ರೂಪಾಯಿ, 24 ಕಂತು ಅಂದರು. ಬಡ್ಡಿ ಎಷ್ಟು ಬೀಳುತ್ತೆ ಅಂದರೆ "ಕಂತು ಕಟ್ಟೋಕೆ ಆಗುತ್ತಾ ನೋಡ್ಕೊಳ್ಳಿ, ಸಾಕು" ಅಂತಾರೆ. ದರ ಎಷ್ಟು ಅಂತ ನಾನೇ ಕಂಡುಹಿಡಿಯೋದು ಹೇಗೆ? ಹೀಗೆ ಲೆಕ್ಕ ಹಾಕಿ ನೋಡಿದವರು ಇದ್ದರೆ ಹೇಳಿ.

ಸಾಗರದ ಗೊಬ್ಬರದ ಅಂಗಡಿಯವರು: ಇದಕ್ಕೆ ತಲೆ ಕೆಡಿಸಿಕೊಳ್ಳೋದು ಏನಿದೆ ಮಾರಾಯ್ರೆ. 5,500 ಇಂಟು 24 ಅಂದರೆ 1,32,000. ಒಟ್ಟು ಬಡ್ಡಿ 32,000. ಎರಡು ವರ್ಷಕ್ಕೆ ಹಂಚಿ, ವರ್ಷಕ್ಕೆ 16 ಪರ್ಸೆಂಟ್ ಆಯ್ತು. ನಮ್ಮ ಭಾಷೆಯಲ್ಲಿ ಒಂದು ರೂಪಾಯಿ ಮೂವತ್ಮೂರು ಪೈಸೆ ಬಡ್ಡಿ. ಊರಲ್ಲಿ ಕೈಸಾಲ ಎರಡು ರೂಪಾಯಿ ಬಡ್ಡಿಗೆ ಕೊಡ್ತಾರೆ. ಅದಕ್ಕಿಂತ ಇದೇ ವಾಸಿ, ತಗೊಳ್ಳಿ.

ಶಿವಮೊಗ್ಗ, ಪತ್ತಿನ ಸಹಕಾರ ಸಂಘದಲ್ಲಿ ಲೆಕ್ಕ ಬರೆದು ನಿವೃತ್ತನಾದವನು: ಅಂಗಡಿಯವರೇ, 32,000 ಸರಿ. ಅಲ್ಲಿಂದ ಮುಂದೆ ದಾರಿ ತಪ್ಪಿದೆ. ಕೈಸಾಲದಲ್ಲಿ ತಿಂಗಳು ತಿಂಗಳು ಬಡ್ಡಿ ಮಾತ್ರ ಕೊಡ್ತೀರಿ, ಅಸಲು ಕೊನೆವರೆಗೂ ನಿಮ್ಮ ಹತ್ತಿರವೇ ಇರುತ್ತೆ. ಇಲ್ಲಿ ಹಾಗಲ್ಲ. ಪ್ರತಿ ಕಂತಿನಲ್ಲೂ ಸ್ವಲ್ಪ ಅಸಲು ವಾಪಸ್ ಹೋಗುತ್ತೆ. ಒಂದು ವರ್ಷ ಆಗುವಷ್ಟರಲ್ಲಿ ಹೆಚ್ಚು ಕಡಿಮೆ ಅರ್ಧ ಸಾಲ ತೀರಿರುತ್ತೆ. ಆದರೆ ನಿಮ್ಮ ಲೆಕ್ಕ ಎರಡು ವರ್ಷವೂ ಪೂರ್ತಿ ಲಕ್ಷ ಕೈಯಲ್ಲಿತ್ತು ಅಂತ ಹಿಡಿದಿದೆ. ಕೈಯಲ್ಲಿ ಇಲ್ಲದ ದುಡ್ಡಿನ ಮೇಲೂ ಬಡ್ಡಿ ಹಂಚಿದ್ದಕ್ಕೆ ದರ ಕಡಿಮೆ ಕಾಣ್ತಿದೆ.

ಬೆಳೆಗಾರರೇ, ಒಂದು ಹಾಳೆ, ಒಂದು ಕ್ಯಾಲ್ಕುಲೇಟರ್ ಸಾಕು. ದರವನ್ನು ಒಂದೇ ಏಟಿಗೆ ಹೊರತೆಗೆಯುವ ಸೂತ್ರ ಇಲ್ಲ. ಕಂಪ್ಯೂಟರ್ ಕೂಡ ಊಹೆ ಮಾಡಿ ಸರಿಪಡಿಸ್ತಾ ಹೋಗೋದೇ. ಮೊದಲು ತಿಂಗಳಿಗೆ 2 ರೂಪಾಯಿ ಬಡ್ಡಿ ಅಂದುಕೊಳ್ಳಿ. 1,00,000ವನ್ನು 1.02ರಿಂದ ಗುಣಿಸಿ, 5,500 ಕಳೆಯಿರಿ. 96,500 ಉಳೀತು. ಅದನ್ನು ಮತ್ತೆ 1.02ರಿಂದ ಗುಣಿಸಿ, 5,500 ಕಳೆಯಿರಿ. 92,930. ಹೀಗೇ 24 ಸಲ. ನಿಮ್ಮ ಊಹೆ ಸರಿಯಿದ್ದರೆ ಕೊನೆಗೆ ಸೊನ್ನೆ ಉಳೀಬೇಕು.

2 ರೂಪಾಯಿಗೆ ನನಗೆ ಬಂದದ್ದು ಮೈನಸ್ 6,477. ಅಂದರೆ ಆ ದರದಲ್ಲಿ ಸಾಲ ತೀರಿದ ಮೇಲೂ ನೀವು ಅಷ್ಟು ಜಾಸ್ತಿ ಕಟ್ಟಿದ ಹಾಗಾಯ್ತು. ಹಾಗಾಗಿ ಅವರು ಹಾಕಿರೋ ದರ 2ಕ್ಕಿಂತ ಹೆಚ್ಚು. 2.5ಕ್ಕೆ ಮಾಡಿದೆ, 2,953 ಬಾಕಿ ಉಳೀತು. ಅಂದರೆ 2.5ಕ್ಕಿಂತ ಕಡಿಮೆ. ಮೊದಲನೆಯ ತಪ್ಪು ಎರಡನೆಯದರ ಎರಡು ಪಟ್ಟಿಗಿಂತ ಜಾಸ್ತಿ ಇದೆ, ಆದ್ದರಿಂದ ಉತ್ತರ 2.5ರ ಕಡೆಗೇ ಇರಬೇಕು. 2.35 ಹಾಕಿದೆ, ಬರೀ 30 ರೂಪಾಯಿ ವ್ಯತ್ಯಾಸ. ಅಲ್ಲಿಗೆ ನಿಲ್ಲಿಸಿ. ತಿಂಗಳಿಗೆ 2.35, ವರ್ಷಕ್ಕೆ ಸುಮಾರು 28.2 ಪರ್ಸೆಂಟ್. ಎರಡು ರೂಪಾಯಿ ಕೈಸಾಲಕ್ಕಿಂತ ಇದೇ ದುಬಾರಿ.

ಸಾಗರದ ಗೊಬ್ಬರದ ಅಂಗಡಿಯವರು: ಹಾಗಾದರೆ 16ನ್ನು ಡಬಲ್ ಮಾಡಿ 32 ಅಂದುಬಿಟ್ಟರೆ ಆಗಲ್ವಾ? 24 ಸಲ ಯಾರು ಗುಣಿಸ್ತಾರೆ ಸರ್.

ಲೆಕ್ಕ ಬರೆದವನು: ಬಾಯಿಲೆಕ್ಕಕ್ಕೆ ಆದೀತು, ಆದರೆ ಜಾಸ್ತಿ ತೋರಿಸುತ್ತೆ. ಇಲ್ಲೇ ನೋಡಿ, 28ರ ಜಾಗದಲ್ಲಿ 32 ಬಂತು. ಎರಡು ಕಡೆ ಸಾಲ ಹೋಲಿಸಿ ನೋಡುವಾಗ ಆ ನಾಲ್ಕು ಪರ್ಸೆಂಟೇ ಮುಖ್ಯ ಅಲ್ವಾ?

ಹೊಸನಗರದ ಶಾಲಾ ಶಿಕ್ಷಕಿ: ಮೊಬೈಲ್‌ನಲ್ಲಿ ಗೂಗಲ್ ಶೀಟ್ಸ್ ಇದ್ದರೆ ಅಷ್ಟು ಕಷ್ಟ ಬೇಡ. ಒಂದು ಖಾಲಿ ಮನೆಯಲ್ಲಿ ಹೀಗೆ ಬರೆಯಿರಿ:

```
=RATE(24,-5500,100000)*12
```

ಮೊದಲು ಕಂತಿನ ಸಂಖ್ಯೆ, ಆಮೇಲೆ ಕಂತು, ಆಮೇಲೆ ಸಾಲ. ಕಂತಿನ ಹಿಂದೆ ಮೈನಸ್ ಮರೀಬೇಡಿ. ಮರೆತರೆ `#NUM!` ಅಂತ ಬರುತ್ತೆ. ಒಂದು ಕಡೆ ಬರುವ ದುಡ್ಡು, ಇನ್ನೊಂದು ಕಡೆ ಹೋಗುವ ದುಡ್ಡು ಅಂತ ಅದಕ್ಕೆ ತಿಳಿಯಬೇಕಲ್ಲ. ಉತ್ತರ 0.28 ಅಂತ ಬಂದರೆ 28 ಪರ್ಸೆಂಟ್ ಅಂತ ಓದಿಕೊಳ್ಳಿ.

ಇನ್ನೊಂದು ವಿಷಯ. ಸಾಲದ ಜಾಗದಲ್ಲಿ ಕಾಗದದ ಮೇಲಿರೋ ಲಕ್ಷ ಹಾಕಬೇಡಿ. ನಿಮ್ಮ ಕೈಗೆ ಬರೋದು ಎಷ್ಟೋ ಅಷ್ಟು ಹಾಕಿ. ಏನಾದರೂ ಹಿಡಿದುಕೊಳ್ತಾರಾ ಅಂತ ಕೇಳಿದ್ದೀರಾ?

ಕೊಪ್ಪದಿಂದ ಒಬ್ಬರು: ನಂದು ಚಿನ್ನದ ಸಾಲ. ಕಂತಿಲ್ಲ, ವರ್ಷದ ಕೊನೆಗೆ ಅಸಲು ಬಡ್ಡಿ ಎರಡೂ ಒಟ್ಟಿಗೆ ಕಟ್ಟೋದು. ಆ ಒಟ್ಟು ಮೊತ್ತವನ್ನು ಹನ್ನೆರಡು ಭಾಗ ಮಾಡಿ ಶೀಟ್‌ಗೆ ಹಾಕಿದೆ. ಬ್ಯಾಂಕಿನವರು ಹೇಳಿದ್ದಕ್ಕಿಂತ ದರ ಎಷ್ಟೋ ಜಾಸ್ತಿ ಬಂತು. ನನಗೂ ಟೋಪಿ ಹಾಕಿದರಾ?

ಲೆಕ್ಕ ಬರೆದವನು: ಇಲ್ಲ ಅಮ್ಮಾ, ನಿಮ್ಮ ಅಸಲು ವರ್ಷಪೂರ್ತಿ ನಿಮ್ಮಲ್ಲೇ ಇತ್ತು. ಇಲ್ಲದ ಕಂತನ್ನು ಇದೆ ಅಂತ ಹಾಕಿದ್ದಕ್ಕೆ ಹಾಗೆ ಬಂತು. ನಿಮಗೆ ಅಂಗಡಿಯವರ ಲೆಕ್ಕವೇ ಸರಿ. ಬಡ್ಡಿಯನ್ನು ಅಸಲಿನಿಂದ ಭಾಗಿಸಿ ನೋಡಿ ಸಾಕು.

ತೀರ್ಥಹಳ್ಳಿಯ ಬೆಳೆಗಾರ: ಫೋನ್ ಮಾಡಿ ಕೇಳಿದೆ. ಫೈಲ್ ಚಾರ್ಜು, ಡಾಕ್ಯುಮೆಂಟ್ ಅಂತ 3,500 ಹಿಡೀತಾರಂತೆ. ಮೊದಲ ಕಂತನ್ನೂ ಸಾಲ ಕೊಡುವ ದಿನವೇ ಹಿಡಿದುಕೊಳ್ತಾರಂತೆ.

ಹೊಸನಗರದ ಶಿಕ್ಷಕಿ: ಅಲ್ಲೇ ಇರೋದು ನೋಡಿ. 3,500 ಮಾತ್ರ ಹಿಡಿದಿದ್ದರೆ ಕೈಗೆ 96,500, ದರ 32.1 ಆಗ್ತಿತ್ತು. ಮೊದಲ ಕಂತೂ ಅವತ್ತೇ ಹೋದರೆ ನಿಮಗೆ ಬರೋದು 91,000, ಆಮೇಲೆ ಕಟ್ಟೋದು 23 ಕಂತು.

```
=RATE(23,-5500,91000)*12
```

35.3 ಪರ್ಸೆಂಟ್! ಕಂತು ಅದೇ 5,500. ಅದು ಒಂದು ರೂಪಾಯಿಯೂ ಏರಿಲ್ಲ, ಆದ್ದರಿಂದ ಕಂತು ಮಾತ್ರ ನೋಡಿದವರಿಗೆ ಇದು ಗೊತ್ತೇ ಆಗಲ್ಲ.

ಶಿವಮೊಗ್ಗದ ಬ್ಯಾಂಕ್ ಉದ್ಯೋಗಿ: ಅವರು ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿಸಿದ ಫೈನಾನ್ಸ್ ಕಂಪನಿ ಆಗಿದ್ದರೆ, ಸಹಿ ಹಾಕೋಕೆ ಮುಂಚೆ ಕೆಎಫ್‌ಎಸ್ ಅನ್ನೋ, ಸಾಲದ ಮುಖ್ಯ ವಿವರಗಳಿರೋ ಕಾಗದ ಕೇಳಿ. 2024ರ ಅಕ್ಟೋಬರ್ 1ರಿಂದ ಹೊಸ ಚಿಲ್ಲರೆ ಸಾಲಗಳಿಗೂ ಸಣ್ಣ ಉದ್ದಿಮೆಗಳ ಅವಧಿ ಸಾಲಗಳಿಗೂ ಅದನ್ನು ಕೊಡಲೇಬೇಕು, ಅದೂ ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿ. ಅದರಲ್ಲಿ ಎಪಿಆರ್ ಅಂತ ಒಂದು ಸಂಖ್ಯೆ ಇರುತ್ತೆ, ಚಾರ್ಜುಗಳನ್ನೂ ಸೇರಿಸಿ ಲೆಕ್ಕ ಹಾಕಿದ ವರ್ಷದ ದರ ಅದು. ಮೇಲೆ ಟೀಚರ್ ಹಾಕಿದ ಸಂಖ್ಯೆಗೆ ಅದು ಹತ್ತಿರ ಇರಬೇಕು. 16 ಅಂತ ಬರೆದಿದ್ದರೆ ಹೇಗೆ ಬಂತು ಅಂತ ಕೇಳಿ. ಸಾಲದ ಜೊತೆ ವಿಮೆ ಮಾಡಿಸಿ ಅದರ ದುಡ್ಡು ಅವರೇ ವಸೂಲಿ ಮಾಡಿದರೆ ಅದೂ ಇದರೊಳಗೆ ಸೇರಬೇಕು. ತಿಂಗಳುವಾರು ಅಸಲು ಬಡ್ಡಿ ಬೇರೆ ಮಾಡಿದ ಪಟ್ಟಿಯನ್ನೂ ಕೇಳಿ ಪಡೆಯಿರಿ.

ಸಾಗರದ ಗೊಬ್ಬರದ ಅಂಗಡಿಯವರು: ಸರಿ ಒಪ್ಪಿದೆ. ಹಾಗಾದರೆ ಕೈಸಾಲವೇ ವಾಸಿ ಅಂದಂಗಾಯ್ತು.

ಲೆಕ್ಕ ಬರೆದವನು: ದರದಲ್ಲಿ ಹೌದು. ಆದರೆ ಕೈಸಾಲಕ್ಕೆ ಕಾಗದ ಇರಲ್ಲ, ನಾಳೆನೇ ವಾಪಸ್ ಕೊಡಿ ಅಂದರೂ ಕಷ್ಟ. ಮೊದಲು ಸೊಸೈಟಿಯಲ್ಲಿ ವಿಚಾರಿಸಿ ಅಂತ ನಾನಂತೂ ಹೇಳ್ತೀನಿ.

ತೀರ್ಥಹಳ್ಳಿಯ ಬೆಳೆಗಾರ: ಸೊಸೈಟಿಯಲ್ಲಿ ಹಳೇ ಸಾಲ ಇದೆ ಸರ್, ಸದ್ಯಕ್ಕೆ ಹೊಸದು ಸಿಗೋದು ಅನುಮಾನ. ಕೊನೆಕೊಯ್ಲು ಮುಗಿದು ಅಡಿಕೆ ಮಾರಿದ ಮೇಲೆ, ಹನ್ನೆರಡು ಕಂತಿಗೇ ಎಲ್ಲಾ ತೀರಿಸಿಬಿಡೋಣ ಅಂತಿದ್ದೇನೆ. ಆಗ ಎಷ್ಟು ಕೊಡಬೇಕಾಗುತ್ತೆ?

ಲೆಕ್ಕ ಬರೆದವನು: ಲಕ್ಷಕ್ಕೆ 2.35ರಂತೆ ಲೆಕ್ಕ ಹಿಡಿದರೆ ಹನ್ನೆರಡು ಕಂತಾದ ಮೇಲೆ ಬಾಕಿ ಅಸಲು ಸುಮಾರು 56,900. ಆದರೆ ಉಳಿದ ಹನ್ನೆರಡು ಕಂತನ್ನೂ ಹಾಗೇ ಕೊಡಿ ಅಂದರೆ 66,000 ಆಗುತ್ತೆ. ಇನ್ನೂ ಬಳಸದ ದುಡ್ಡಿಗೆ 9,000 ಬಡ್ಡಿ ಕೊಟ್ಟ ಹಾಗೆ. ಇವೆರಡರಲ್ಲಿ ಅವರು ಯಾವುದನ್ನು ಕೇಳ್ತಾರೆ ಅನ್ನೋದು ಕರಾರಿನಲ್ಲಿ ಬರೆದಿರುತ್ತೆ. ಅವಧಿಗೆ ಮುಂಚೆ ತೀರಿಸಿದರೆ ದಂಡ ಇದೆಯಾ ಅಂತಲೂ ನೋಡಿ.

ತೀರ್ಥಹಳ್ಳಿಯ ಬೆಳೆಗಾರ: ಕರಾರಿನ ನಕಲು ಕೇಳಿದೆ. ಸಹಿ ಆದ ಮೇಲೆ ಕೊಡ್ತೀವಿ ಅಂತಾರೆ. ಪಟ್ಟಿಗೆ ಸೋಮವಾರ ಬನ್ನಿ ಅಂದಿದ್ದಾರೆ.